ತಹಶೀಲ್ದಾರರನ್ನು ತೆರಿಗೆ ವಸೂಲಿಗಾರ ಮಾಡಬೇಡಿ

ನಾವು ಈಗ ಮದ್ರಸದಲ್ಲಿ ಪಾಠ ಹೇಳುತ್ತಿರುವುದು ಬಾಗಲಕೋಟೆ ಜಿಲ್ಲೆ ಜಮಖಂಡಿ ತಾಲೂಕಿನ ತುಬಚಿಯಲ್ಲಿ. ಕರಾವಳಿಯವರಿಗೆ ಈ ಊರಿನ ಹೆಸರು ಕೇಳಿದ್ದರೆ ಅದು ತುಬಚಿ-ಬಬಲೇಶ್ವರ ಏತ ನೀರಾವರಿ ಎಂಬ ಸುದ್ದಿಯಲ್ಲಿ ಮಾತ್ರ. ಕೃಷ್ಣೆಯ ಸೀಮೆ, ಕಬ್ಬಿನ ಸೀಮೆ. ಇಲ್ಲಿಯ ಮುಸ್ಲಿಮರು ಮನೆಯಲ್ಲಿ ದಖನಿ ಉರ್ದು ಆಡುತ್ತಾರೆ, ಹೊಲದಲ್ಲಿ ಕನ್ನಡ ಆಡುತ್ತಾರೆ. ನಮ್ಮೂರಲ್ಲಿ ‘ಉಸ್ತಾದರೇ’ ಎಂದು ಕರೆಸಿಕೊಳ್ಳುತ್ತಿದ್ದ ನಾವು ಇಲ್ಲಿ ‘ಹಜರತ್’ ಆಗಿದ್ದೇವೆ. ಹೆಸರು ಬದಲಾದರೂ ಕೆಲಸ ಬದಲಾಗಿಲ್ಲ. ಸಬಕ್ ಕೇಳುವುದರ ಜೊತೆಗೆ ಊರವರ ಕಾಗದ ಪತ್ರ ಓದಿ ಹೇಳುವುದೂ ಉಸ್ತಾದರ ಪಾಲಿಗೇ ಬರುತ್ತದೆ.

ಅಂಥದ್ದೇ ಒಂದು ಕಾಗದದ ಕಥೆ ಇದು. ಒಂದು ದಿನ ಇಶಾ ನಮಾಝ್ ಮುಗಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. ಬಿಎಸ್ಸಿ ಮುಗಿಸಿದ ಹುಡುಗ, ಪಿಂಜಾರರ ಮನೆಯವನು. ತಂದೆ ಹತ್ತಿ ಹಿಂಜಿ ಗಾದಿ, ತಲೆದಿಂಬು ಮಾಡಿ ಕೊಡುತ್ತಾರೆ. ಟರ್ಕಿಯಲ್ಲಿ ಎಂಎಸ್ಸಿ ಓದಲು ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದ. ಕುಟುಂಬದ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಗೆ ಸರ್ಕಾರಿ ದಾಖಲೆ ಕೇಳಿದ್ದರಂತೆ. ಅದಕ್ಕೆ ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ, ವಾಸಸ್ಥಳದ ಪ್ರಮಾಣ ಪತ್ರ ಈ ಮೂರನ್ನೂ ಪೇಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಇಂಗ್ಲಿಷಿಗೆ ಮಾಡಿಸಿ ಕಳಿಸಿದ್ದ. ಅಲ್ಲಿಂದ ಈಗ ಪ್ರಶ್ನೆಗಳು ಬಂದಿವೆ, ಹತ್ತು ದಿನದೊಳಗೆ ಸರಿಪಡಿಸಿ ಕಳಿಸಬೇಕು. ‘ಹಜರತ್, ಇವ್ರು ಏನ್ ಕೇಳ್ಯಾರ ನೋಡ್ರಿ, ನನಗ ತಿಳೀವಲ್ದು’ ಎಂದ.

ಅವರು ಕೇಳಿದ್ದು ಮೂರು. ಒಂದು, ಸಾಮಾಜಿಕ ವರ್ಗದ ಪತ್ರವನ್ನು ತೆರಿಗೆ ವಸೂಲಿಗಾರ ಯಾಕೆ ಕೊಟ್ಟಿದ್ದಾನೆ, ಅವನಿಗೆ ಆ ಅಧಿಕಾರ ಇದೆಯೇ? ಎರಡು, ಅರ್ಜಿದಾರ ಭಾರತದ ಪ್ರಜೆಯೇ ಅಥವಾ ಬೇರೆ ದೇಶದವನಾಗಿದ್ದು ಭಾರತದಲ್ಲಿ ನೆಲೆಸಲು ಅನುಮತಿ ಪಡೆದವನೇ? ಮೂರು, ಪತ್ರಗಳ ಮೇಲೆ ಸಹಿ ಯಾಕಿಲ್ಲ?

ಓದಿದಾಗ ಮೊದಲು ನಮಗೂ ತಲೆಬುಡ ತಿಳಿಯಲಿಲ್ಲ. ಆಮೇಲೆ ಕನ್ನಡದ ಮೂಲ ಪತ್ರಗಳನ್ನೂ ಇಂಗ್ಲಿಷ್ ಅನುವಾದವನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ತಪ್ಪು ಕೇಳಿದವರದ್ದಲ್ಲ. ಅನುವಾದ ಓದಿದ ಯಾರೇ ಆದರೂ ಅದನ್ನೇ ಕೇಳುತ್ತಿದ್ದರು.

ಮೊದಲನೆಯ ಪ್ರಶ್ನೆಯೇ ಮುಖ್ಯ. ಜಾತಿ ಪತ್ರದ ಕೆಳಗೆ ‘ತಹಶೀಲ್ದಾರ್’ ಎಂದಿತ್ತು. ಅಂಗಡಿಯವರು ಯಾವುದೋ ನಿಘಂಟು ನೋಡಿ ‘ಟ್ಯಾಕ್ಸ್ ಕಲೆಕ್ಟರ್’ ಮಾಡಿದ್ದರು. ಆದಾಯ ಪತ್ರ ಕೊಟ್ಟವರು ನಾಡಕಚೇರಿಯ ಉಪ ತಹಶೀಲ್ದಾರರು. ಅದು ‘ಅಸಿಸ್ಟೆಂಟ್ ಟ್ಯಾಕ್ಸ್ ಕಲೆಕ್ಟರ್’ ಆಗಿತ್ತು. ವಾಸಸ್ಥಳದ ಪತ್ರದಲ್ಲಿ ‘ತಹಶೀಲ್ದಾರ್ ಹಾಗೂ ತಾಲೂಕು ದಂಡಾಧಿಕಾರಿ’ ಎಂದಿದ್ದದ್ದು ‘ಟ್ಯಾಕ್ಸ್ ಕಲೆಕ್ಟರ್ ಅಂಡ್ ತಾಲೂಕ್ ಜಡ್ಜ್’. ಹೊರದೇಶದಲ್ಲಿ ಕುಳಿತವನು ಇದನ್ನು ಓದಿದರೆ ಏನೆಂದುಕೊಳ್ಳಬೇಕು? ಒಬ್ಬ ಮನುಷ್ಯ ತೆರಿಗೆಯನ್ನೂ ವಸೂಲಿ ಮಾಡುತ್ತಾನೆ, ನ್ಯಾಯಾಧೀಶನೂ ಆಗಿದ್ದಾನೆ, ಮೇಲೆ ಜಾತಿಯನ್ನೂ ಬರೆದುಕೊಡುತ್ತಾನೆ!

ಇಲ್ಲಿ ನಮಗೆ ಗೊತ್ತಿರುವ ಅರಬಿ ಸ್ವಲ್ಪ ಉಪಯೋಗಕ್ಕೆ ಬಂತು. ತಹಶೀಲ್ ಎಂಬುದು ಅರಬಿಯ ‘ತಹ್ಸೀಲ್’. ಪಡೆಯುವುದು, ಸಂಪಾದಿಸುವುದು, ವಸೂಲಿ ಮಾಡುವುದು ಎಂಬ ಅರ್ಥ. ಮದ್ರಸದ ಮಕ್ಕಳಿಗೆ ‘ತಹ್ಸೀಲುಲ್ ಇಲ್ಮ್’ ಎಂದರೆ ವಿದ್ಯೆಯನ್ನು ಸಂಪಾದಿಸುವುದು ಎಂದು ನಾವೇ ಹೇಳಿಕೊಡುತ್ತೇವೆ. ಅದಕ್ಕೆ ಫಾರಸಿಯ ‘ದಾರ್’ ಸೇರಿ ತಹಶೀಲ್ದಾರ್ ಆಯಿತು. ಹಳೆಯ ಕಾಲದಲ್ಲಿ ಭೂಕಂದಾಯ ಎತ್ತುವುದೇ ಆ ಅಧಿಕಾರಿಯ ದೊಡ್ಡ ಕೆಲಸವಾಗಿತ್ತು, ನಿಜ. ಆದರೆ ಇವತ್ತಿನ ತಹಶೀಲ್ದಾರರು ಇಡೀ ತಾಲೂಕಿನ ಕಂದಾಯ ಆಡಳಿತದ ಮುಖ್ಯಸ್ಥರು. ಜಮೀನಿನ ದಾಖಲೆ, ಚುನಾವಣೆ, ನೆರೆ ಬಂದಾಗ ಪರಿಹಾರ, ಜಾತಿ-ಆದಾಯ ಪತ್ರ ಎಲ್ಲವೂ ಅವರ ಕೈಕೆಳಗೆ. ಹೆಸರಿನ ಬೇರು ಹಿಡಿದು ಹುದ್ದೆಯನ್ನು ಅನುವಾದ ಮಾಡುವುದೆಂದರೆ ‘ಉಸ್ತಾದ್’ ಎಂಬ ಪದವನ್ನು ಗ್ಯಾರೇಜಿನ ಮೇಸ್ತ್ರಿ ಎಂದು ಬರೆದ ಹಾಗೆ. ಆ ಅರ್ಥವೂ ಇದೆ, ಆದರೆ ಇಲ್ಲಿ ಅದಲ್ಲ.

ಹಾಗಾದರೆ ತಹಶೀಲ್ದಾರ್ ಎಂದೇ ಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ಬೇರೆ ದೇಶಕ್ಕಾದರೆ ಅಷ್ಟೇನೂ ತೊಂದರೆಯಿಲ್ಲ. ಟರ್ಕಿಗೆ ಮಾತ್ರ ಅದೂ ಸಾಲದು. ಟರ್ಕಿಯವರ ಭಾಷೆಯಲ್ಲೂ ಈ ‘ತಹಸಿಲ್ದಾರ್’ ಎಂಬ ಪದ ಇದೆ. ಅಲ್ಲಿ ಅದರ ಅರ್ಥ ಹಣ ವಸೂಲಿ ಮಾಡುವ ನೌಕರ, ಬಿಲ್ಲು ಹಿಡಿದು ಬಾಕಿ ಕೇಳಲು ಬರುವವನು. ಅರಬಿಗೆ ಅನುವಾದ ಮಾಡುವಾಗಲೂ ಇದೇ ಗುಂಡಿ ಇದೆ. ‘ಮುಹಸ್ಸಿಲ್’ ಎಂದು ಬರೆದರೆ ಅದೂ ವಸೂಲಿಗಾರನೇ. ಅಂದರೆ ಯಾವ ದೇಶದವರಿಗೆ ಈ ಪದ ಹತ್ತಿರದ್ದೆಂದು ಕಾಣುತ್ತದೋ ಅವರೇ ಅದನ್ನು ತಪ್ಪಾಗಿ ಓದುತ್ತಾರೆ. ಗೊತ್ತಿಲ್ಲದ ಪದಕ್ಕಿಂತ ಅರ್ಧ ಗೊತ್ತಿರುವ ಪದವೇ ಹೆಚ್ಚು ಕೆಡಿಸುತ್ತದೆ.

ಅದಕ್ಕೆ ನಾವು ಮಾಡಿದ್ದು ಹೀಗೆ. ಹುದ್ದೆಯ ಜಾಗದಲ್ಲಿ ‘ತಹಶೀಲ್ದಾರ್’ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆವು. ಅದರ ಮೇಲೆ ಒಂದು ಸಣ್ಣ ಅಂಕೆ ಹಾಕಿ ಪುಟದ ಕೊನೆಗೆ ‘ಅನುವಾದಕರ ಟಿಪ್ಪಣಿ’ ಎಂದು ಎರಡು ಸಾಲು ಸೇರಿಸಿದೆವು. ತಹಶೀಲ್ದಾರ್ ಎಂದರೆ ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯಲ್ಲಿ ತಾಲೂಕು ಎಂಬ ಜಿಲ್ಲೆಯ ಉಪಘಟಕದ ಆಡಳಿತ ನಡೆಸುವ ಅಧಿಕಾರಿ, ಇಂಥ ಪ್ರಮಾಣ ಪತ್ರ ಕೊಡುವ ಅಧಿಕಾರ ಇವರಿಗಿದೆ. ಇಷ್ಟೇ. ಟಿಪ್ಪಣಿ ಅನುವಾದದ ಒಳಗೆ ಸೇರಬಾರದು, ಹೊರಗೇ ಇರಬೇಕು. ಓದುವವನಿಗೆ ಮೂಲದಲ್ಲಿ ಏನಿದೆ, ಅನುವಾದಕ ವಿವರಿಸಿದ್ದು ಏನು ಎಂದು ಬೇರೆ ಬೇರೆ ಕಾಣಬೇಕು.

‘ದಂಡಾಧಿಕಾರಿ’ ಜಡ್ಜ್ ಅಲ್ಲ. ಕೋರ್ಟಿನಲ್ಲಿ ಕೂತು ತೀರ್ಪು ಕೊಡುವವರು ಬೇರೆ. ತಹಶೀಲ್ದಾರರಿಗೆ ಇರುವುದು ಶಾಂತಿ ಸುವ್ಯವಸ್ಥೆಗೆ ಸಂಬಂಧಪಟ್ಟ ಕಾರ್ಯನಿರ್ವಾಹಕ ದಂಡಾಧಿಕಾರ. ಇಂಗ್ಲಿಷಿನಲ್ಲಿ ‘ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್’ ಎಂದು ಬರೆಯಬೇಕು, ಮೊದಲ ಪದ ಬಿಡಬಾರದು.

ಇನ್ನು ‘ಉಪ’ ಎಂಬ ಎರಡಕ್ಷರ. ಇದು ಮಾಡುವ ಕಿತಾಪತಿ ಅಷ್ಟಿಷ್ಟಲ್ಲ. ಉಪ ತಹಶೀಲ್ದಾರ್ ಎಂದರೆ ‘ಡೆಪ್ಯುಟಿ ತಹಶೀಲ್ದಾರ್’. ಸರಿ, ಉಪ ಎಂದರೆ ಡೆಪ್ಯುಟಿ ಎಂದುಕೊಂಡು ಮುಂದೆ ಹೋದರೆ ಉಪವಿಭಾಗಾಧಿಕಾರಿ ಸಿಗುತ್ತಾರೆ. ಜಮಖಂಡಿಯಲ್ಲೂ ಅವರ ಕಚೇರಿ ಇದೆ, ಪುತ್ತೂರಿನಲ್ಲೂ ಇದೆ. ಇಂಗ್ಲಿಷಿನಲ್ಲಿ ಅವರು ‘ಅಸಿಸ್ಟೆಂಟ್ ಕಮಿಷನರ್’. ನಾವೆಲ್ಲ ‘ಎಸಿ’ ಅನ್ನುವುದು ಅವರನ್ನೇ. ಅವರ ಮೇಲೆ ಜಿಲ್ಲಾಧಿಕಾರಿ. ಕನ್ನಡದಲ್ಲಿ ಅವರ ಹೆಸರಿನಲ್ಲಿ ಉಪ ಇಲ್ಲವೇ ಇಲ್ಲ, ಆದರೆ ಇಂಗ್ಲಿಷಿನಲ್ಲಿ ಅವರು ‘ಡೆಪ್ಯುಟಿ ಕಮಿಷನರ್’! ಕನ್ನಡ ನೋಡಿ ಅನುವಾದ ಮಾಡಿದವನು ‘ಡಿಸ್ಟ್ರಿಕ್ಟ್ ಆಫೀಸರ್’ ಎಂದು ಬರೆಯುತ್ತಾನೆ, ಅಂಥ ಹುದ್ದೆ ಇಲ್ಲ. ಇಂಗ್ಲಿಷ್ ಓದಿದ ಪರದೇಶದವನು ‘ಡೆಪ್ಯುಟಿ’ ನೋಡಿ ಇವರು ಎರಡನೆಯವರು, ಮೊದಲನೆಯವರ ಸಹಿ ಎಲ್ಲಿ ಎಂದು ಕೇಳುತ್ತಾನೆ.

ಇದೆಲ್ಲ ಯಾಕೆ ಹೀಗೆ ಎಂದರೆ ನಮ್ಮ ರಾಜ್ಯ ಬೇರೆ ಬೇರೆ ತುಂಡುಗಳಿಂದ ಸೇರಿದ್ದು. ಹಳೆಯ ಮೈಸೂರಿನಲ್ಲಿ ಜಿಲ್ಲೆಗೆ ಡೆಪ್ಯುಟಿ ಕಮಿಷನರ್, ತಾಲೂಕಿಗೆ ಅಮಲ್ದಾರರು ಇದ್ದರು. ಅಮಲ್ದಾರ್‌ನ ‘ಅಮಲ್’ ಕೂಡ ನಮ್ಮ ಅರಬಿಯದೇ. ಮದರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿ ಜಿಲ್ಲೆಗೆ ಕಲೆಕ್ಟರ್, ತಾಲೂಕಿಗೆ ತಹಶೀಲ್ದಾರರು. ಮುಂಬೈ ಪ್ರಾಂತದ ಕಡೆ ತಾಲೂಕಿಗೆ ಮಾಮಲೇದಾರರು. ಜಮಖಂಡಿಯಂತೂ ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆಮೇಲೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ಎಲ್ಲರಿಗೂ ಒಂದೇ ಹೆಸರು ಇಟ್ಟಿತು. ಇಂಗ್ಲಿಷಿನಲ್ಲಿ ಡೆಪ್ಯುಟಿ ಕಮಿಷನರ್, ಅಸಿಸ್ಟೆಂಟ್ ಕಮಿಷನರ್, ತಹಶೀಲ್ದಾರ್ ಎಂಬವು ಆ ಕಾಯ್ದೆಯಲ್ಲೇ ಇರುವ ಹೆಸರುಗಳು. ಕಾನೂನು ಇಟ್ಟ ಹೆಸರನ್ನು ಅನುವಾದಕ ತನಗೆ ತೋಚಿದಂತೆ ಬದಲಾಯಿಸುವ ಹಾಗಿಲ್ಲ. ಸಂಶಯ ಬಂದರೆ ಜಿಲ್ಲಾಡಳಿತದ ಜಾಲತಾಣವನ್ನು ಕನ್ನಡದಲ್ಲೊಮ್ಮೆ ಇಂಗ್ಲಿಷಿನಲ್ಲೊಮ್ಮೆ ತೆರೆದು ನೋಡಿ. ಅದೇ ಅಧಿಕಾರಿಯ ಹುದ್ದೆ ಎರಡೂ ಭಾಷೆಯಲ್ಲಿ ಸಿಗುತ್ತದೆ. ನಿಘಂಟು ತೆರೆಯುವ ಅಗತ್ಯವೇ ಇಲ್ಲ.

ಹಳೆಯ ಕಾಗದ ಇದ್ದರೆ ಮಾತ್ರ ಬೇರೆ ಲೆಕ್ಕ. ಈ ಹುಡುಗನ ಅಜ್ಜನ ಕಾಲದ ಒಂದು ದಾಖಲೆಯಲ್ಲಿ ಮಾಮಲೇದಾರ ಎಂದಿತ್ತು, ಜಿಲ್ಲೆ ವಿಜಾಪುರ ಎಂದಿತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂಗಡಿಯವರು ಅದನ್ನು ‘ಸರಿಪಡಿಸಿ’ ತಹಶೀಲ್ದಾರ್, ಬಾಗಲಕೋಟೆ ಎಂದು ಬರೆದಿದ್ದರು. ಇದು ಒಳ್ಳೆಯ ಉದ್ದೇಶದಿಂದ ಮಾಡಿದ ತಪ್ಪು. ಅನುವಾದಕನಿಗೆ ತಿದ್ದುವ ಅಧಿಕಾರ ಇಲ್ಲ. ಮೂಲದಲ್ಲಿ ವಿಜಾಪುರ ಇದ್ದರೆ ಅನುವಾದದಲ್ಲೂ ಅದೇ ಇರಬೇಕು, ಈಗ ಆ ಊರು ಬಾಗಲಕೋಟೆ ಜಿಲ್ಲೆಯಲ್ಲಿದೆ ಎಂಬುದು ಟಿಪ್ಪಣಿಗೆ ಹೋಗಬೇಕು. ಆ ದಾಖಲೆಯನ್ನು ಕಳಿಸುವುದೇ ಬೇಡ, ಯಾರೂ ಕೇಳಿಲ್ಲ ಎಂದು ನಾವು ಪಕ್ಕಕ್ಕಿಟ್ಟೆವು.

ಎರಡನೆಯ ಪ್ರಶ್ನೆ ಪ್ರಜೆಯೋ ಅಲ್ಲವೋ ಎಂಬುದು. ಇದನ್ನು ಓದಿ ಹುಡುಗನ ತಂದೆ ಹೆದರಿಬಿಟ್ಟಿದ್ದರು. ಈ ಕಾಲದಲ್ಲಿ ಮುಸ್ಲಿಮರ ಮನೆಗೆ ‘ನೀವು ಈ ದೇಶದವರೇ’ ಎಂಬ ಕಾಗದ ಬಂದರೆ ಯಾರಿಗೆ ಹೆದರಿಕೆಯಾಗದು? ಆದರೆ ಇಲ್ಲಿ ಅಂಥ ವಿಷಯ ಏನೂ ಇರಲಿಲ್ಲ. ಕನ್ನಡದಲ್ಲಿ ‘ತುಬಚಿ ಗ್ರಾಮದ ಖಾಯಂ ನಿವಾಸಿ’ ಎಂದಿತ್ತು. ಅನುವಾದದಲ್ಲಿ ‘ಪರ್ಮನೆಂಟ್ ರೆಸಿಡೆಂಟ್ ಆಫ್ ಇಂಡಿಯಾ’ ಆಗಿತ್ತು. ಗ್ರಾಮ ಹೋಗಿ ದೇಶ ಬಂದಿತ್ತು. ಗಲ್ಫಿನಲ್ಲಿ, ಕೆನಡಾದಲ್ಲಿ ಮಕ್ಕಳಿರುವ ನಮ್ಮ ಬ್ಯಾರಿ ಮನೆಗಳಿಗೆ ‘ಪಿಆರ್’ ಎಂದರೆ ಏನೆಂದು ಚೆನ್ನಾಗಿ ಗೊತ್ತು. ಆ ದೇಶದ ಪೌರತ್ವ ಇಲ್ಲದವರಿಗೆ ಅಲ್ಲಿ ನೆಲೆಸಲು ಕೊಡುವ ಅನುಮತಿ ಅದು. ಹೊರದೇಶದ ಕಚೇರಿಯಲ್ಲಿ ‘ಪರ್ಮನೆಂಟ್ ರೆಸಿಡೆಂಟ್’ ಎಂಬ ಎರಡು ಪದ ಜೊತೆಯಾಗಿ ಬಂದರೆ ಅವರಿಗೆ ಹೊಳೆಯುವುದು ಇದೇ ಅರ್ಥ.

ವಾಸಸ್ಥಳದ ಪತ್ರ ಹೇಳುವುದು ಇಷ್ಟೇ: ಇವರು ಇಂಥ ಗ್ರಾಮ, ಇಂಥ ತಾಲೂಕು, ಇಂಥ ಜಿಲ್ಲೆಯಲ್ಲಿ ಖಾಯಂ ಆಗಿ ವಾಸವಾಗಿದ್ದಾರೆ. ಪೌರತ್ವಕ್ಕೆ ಪುರಾವೆಯಾಗಿ ಅರ್ಜಿಯ ಜೊತೆ ಪಾಸ್‌ಪೋರ್ಟ್ ಇದ್ದೇ ಇದೆ. ಆದ್ದರಿಂದ ಜೋಡಿಪದ ಬಿಟ್ಟು ಪೂರ್ತಿ ವಾಕ್ಯ ಬರೆಯಿಸಿದೆವು. ಜಮಖಂಡಿ ತಾಲೂಕು ತುಬಚಿ ಗ್ರಾಮದಲ್ಲಿ ಖಾಯಂ ಆಗಿ ವಾಸಿಸುತ್ತಾರೆ ಎಂಬ ಅರ್ಥ ಬರುವಂತೆ. ಊರಿನ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಹೇಗಿವೆಯೋ ಹಾಗೇ ಇರಲಿ ಎಂದು ನೋಡಿಕೊಂಡೆವು. ತುಬಚಿಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಂದೇ ಅರ್ಜಿಯಲ್ಲಿ ಎರಡು ಥರ ಇದ್ದರೆ ಎರಡು ಊರಾಗುತ್ತದೆ.

ಹೆಸರಿನ ಮಾತು ಬಂತು, ನಮ್ಮ ಕರಾವಳಿಯವರಿಗೂ ಒಂದು ಹೇಳಬೇಕು. ‘ದಕ್ಷಿಣ ಕನ್ನಡ’ವನ್ನು ‘ಸೌತ್ ಕನ್ನಡ’ ಎಂದು ಅನುವಾದಿಸಿದ ಕಾಗದಗಳನ್ನು ನಾವು ನೋಡಿದ್ದೇವೆ. ಜಿಲ್ಲೆಯ ಹೆಸರು ಹೆಸರೇ. ಅದನ್ನು ದಿಕ್ಕು ಮತ್ತು ಭಾಷೆಯಾಗಿ ಒಡೆಯಬಾರದು. ಅಜ್ಜನ ಕಾಗದದಲ್ಲಿ ‘ಸೌತ್ ಕೆನರಾ’ ಇದ್ದರೆ ಅದು ಆಗಿನ ಹೆಸರು, ಹಾಗೇ ಇರಲಿ. ಕಾಸರಗೋಡಿನ ನೆಂಟರ ಕಾಗದ ನೋಡಿ ನಕಲು ಮಾಡುವುದೂ ಬೇಡ. ಅಲ್ಲಿ ಕೇರಳದ ಪದ್ಧತಿ, ಆದಾಯದ ಪತ್ರ ಕೊಡುವುದು ವಿಲೇಜ್ ಆಫೀಸರ್. ನಮ್ಮ ಗ್ರಾಮ ಲೆಕ್ಕಿಗರು, ಅಂದರೆ ಈಗ ಗ್ರಾಮ ಆಡಳಿತ ಅಧಿಕಾರಿ ಎನಿಸಿಕೊಂಡವರು, ಸ್ಥಳ ವಿಚಾರಣೆ ಮಾಡಿ ವರದಿ ಕೊಡುತ್ತಾರೆ, ಪತ್ರ ಕೊಡುವವರು ಅವರಲ್ಲ. ಹೆಸರು ಹತ್ತಿರ ಹತ್ತಿರ ಇದೆ ಎಂದು ಹುದ್ದೆ ಅದಲುಬದಲಾಗಬಾರದು.

ಮೂರನೆಯದು ಸಹಿ. ನಾಡಕಚೇರಿಯ ಪತ್ರಗಳಿಗೆ ಈಗ ಡಿಜಿಟಲ್ ಸಹಿ. ಕೈಬರಹದ ಸಹಿ ಇರುವುದಿಲ್ಲ. ಅದನ್ನು ಪತ್ರದಲ್ಲೇ ಸಣ್ಣ ಅಕ್ಷರದಲ್ಲಿ ಹೇಳಿರುತ್ತದೆ, ಮೇಲೆ ‘ಆರ್‌ಡಿ’ ಎಂದು ಶುರುವಾಗುವ ಉದ್ದದ ಸಂಖ್ಯೆ ಇರುತ್ತದೆ. ಅಂಗಡಿಯವರು ಸಣ್ಣ ಅಕ್ಷರದ ಸಾಲನ್ನು ಮುಖ್ಯವಲ್ಲ ಎಂದು ಬಿಟ್ಟುಬಿಟ್ಟಿದ್ದರು, ಸಂಖ್ಯೆಯನ್ನೂ ಬಿಟ್ಟಿದ್ದರು. ಹೊರಗಿನವನಿಗೆ ಆ ಪತ್ರ ಅಸಲಿ ಎಂದು ತಿಳಿಯಲು ಇರುವ ದಾರಿಯೇ ಅವೆರಡು. ಆ ಸಂಖ್ಯೆ ಹಾಕಿ nadakacheri.karnataka.gov.in ತಾಣದಲ್ಲಿ ಪತ್ರವನ್ನು ಪರಿಶೀಲಿಸಬಹುದು. ಹಾಗಾಗಿ ಪತ್ರದ ಮೇಲಿರುವ ಒಂದಕ್ಷರವನ್ನೂ ಬಿಡದೆ, ರಾಜ್ಯದ ಲಾಂಛನ ಇರುವ ಜಾಗದಲ್ಲಿ ‘ಲಾಂಛನ’ ಎಂದು, ಬಾರ್‌ಕೋಡ್ ಇರುವ ಜಾಗದಲ್ಲಿ ‘ಬಾರ್‌ಕೋಡ್’ ಎಂದು ಬರೆದು ಮೂಲದ ಸಾಲು ಹೇಗಿದೆಯೋ ಹಾಗೇ ಅನುವಾದ ಕೂರಿಸಿದೆವು.

ಅವರು ಕೇಳದೇ ಇದ್ದ ಒಂದು ತಪ್ಪು ಆದಾಯ ಪತ್ರದಲ್ಲಿತ್ತು. ಮೂಲದಲ್ಲಿ ವಾರ್ಷಿಕ ಆದಾಯ 1,20,000 ರೂಪಾಯಿ. ಅನುವಾದದಲ್ಲಿ 1.2 ಮಿಲಿಯನ್! ಲಕ್ಷ ಎಂಬ ಲೆಕ್ಕ ಹೊರದೇಶದಲ್ಲಿ ಇಲ್ಲ, ಏನಾದರೂ ಬರೆಯಬೇಕಲ್ಲ ಎಂದು ಬರೆದಿದ್ದಾರೆ. ಮಿಲಿಯನ್ ಎಂದರೆ ಹತ್ತು ಲಕ್ಷ. ಗಾದಿ ಹೊಲಿಯುವ ಮನೆಯ ಆದಾಯ ಹತ್ತು ಪಟ್ಟು ಏರಿ ಹನ್ನೆರಡು ಲಕ್ಷವಾಗಿತ್ತು. ಇದನ್ನು ಯಾರೂ ಪ್ರಶ್ನಿಸುವುದಿಲ್ಲ ನೋಡಿ. ಸುಮ್ಮನೆ ಇವನಿಗೆ ಸಹಾಯ ಬೇಕಿಲ್ಲ ಎಂದು ಅರ್ಜಿ ಪಕ್ಕಕ್ಕೆ ಹೋಗುತ್ತದೆ. ನಾವು ಅಂಕಿಯನ್ನು ಮೂಲದಂತೆ 1,20,000 ಎಂದೇ ಇಟ್ಟು, ಅಕ್ಷರದಲ್ಲಿ ನೂರ ಇಪ್ಪತ್ತು ಸಾವಿರ ಎಂಬರ್ಥದ ಇಂಗ್ಲಿಷ್ ಪದಗಳನ್ನು ಬರೆಯಿಸಿದೆವು. ಡಾಲರಿಗೆ, ಲಿರಾಕ್ಕೆ ಪರಿವರ್ತಿಸಲಿಲ್ಲ. ದರ ದಿನವೂ ಬದಲಾಗುತ್ತದೆ, ತಹಶೀಲ್ದಾರರು ಬರೆಯದ ಅಂಕಿ ಅವರ ಹೆಸರಿನಲ್ಲಿ ಹೋಗಬಾರದು. ಅರ್ಜಿಯ ನಮೂನೆಯಲ್ಲಿ ತಿಂಗಳ ಆದಾಯ ಕೇಳಿದ್ದರೆ ಹುಡುಗ ಅಲ್ಲಿ ಹನ್ನೆರಡರಿಂದ ಭಾಗಿಸಿ ಬರೆಯಲಿ, ಅನುವಾದದಲ್ಲಿ ಮಾತ್ರ ವಾರ್ಷಿಕ ಎಂದು ಇದ್ದದ್ದು ವಾರ್ಷಿಕವೇ ಆಗಿರಬೇಕು.

ನಮ್ಮಲ್ಲಿ ಆದಾಯ ಪತ್ರಕ್ಕೆ ಐದು ವರ್ಷ ಬೆಲೆ ಇದೆ. ಆದರೆ ಹೊರಗಿನವರು ನೋಡುವುದು ತಾರೀಕು. ನಾಲ್ಕು ವರ್ಷದ ಹಿಂದಿನ ಆದಾಯ ಈಗಿನದ್ದು ಹೇಗಾಗುತ್ತದೆ ಎಂದು ಅವರು ಕೇಳಿದರೆ ಉತ್ತರ ಕಷ್ಟ. ಅರ್ಜಿ ಹಾಕುವ ವರ್ಷವೇ ಹೊಸದಾಗಿ ತೆಗೆಸಿಕೊಳ್ಳುವುದು ವಾಸಿ. 2ಬಿ ಪ್ರವರ್ಗದ ನಮ್ಮ ಬ್ಯಾರಿ ಮಕ್ಕಳಿಗೆ ಜಾತಿ, ಆದಾಯ ಎರಡೂ ಒಂದೇ ಹಾಳೆಯಲ್ಲಿ ಬರುವುದರಿಂದ ಇದನ್ನು ಗಮನಿಸದೆ ಹಳೆಯ ಹಾಳೆಯನ್ನೇ ಕಳಿಸುವವರು ಹೆಚ್ಚು.

ಇನ್ನು ಜಾತಿ. ಇದರ ಬಗ್ಗೆ ಮಸೀದಿಯ ಜಗುಲಿಯಲ್ಲಿ ಸ್ವಲ್ಪ ವಾದವೇ ಆಯಿತು. ಹಿರಿಯರೊಬ್ಬರು, ‘ನಮ್ಮ ದೀನಿನ್ಯಾಗ ಜಾತಿ ಎಲ್ಲೈತಿ ಹಜರತ್? ಮುಸಲ್ಮಾನರ ದೇಶಕ್ಕ ಅದನ್ನ ಕಳ್ಸಿ ನಗಪಾಟಲಿ ಆಗೋದ್ಯಾಕ?’ ಎಂದರು. ಅವರ ಮಾತಿನಲ್ಲಿ ನೋವಿದೆ, ಅದನ್ನು ನಾವು ಹಗುರ ಮಾಡುವುದಿಲ್ಲ. ಆದರೆ ಆ ಪತ್ರ ಹೇಳುತ್ತಿರುವುದು ದೀನಿನ ವಿಷಯವಲ್ಲ. ಕರ್ನಾಟಕ ಸರ್ಕಾರ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಈ ಸಮುದಾಯವನ್ನು ಎಲ್ಲಿ ಇಟ್ಟಿದೆ ಎಂಬುದನ್ನು ಅದು ಹೇಳುತ್ತದೆ. ಪಿಂಜಾರ, ನದಾಫರು ಪ್ರವರ್ಗ-1ರಲ್ಲಿ ಇದ್ದಾರೆ. ಇವರ ಮನೆಗಳಲ್ಲಿ ಓದು ಯಾಕೆ ತಡವಾಗಿ ಬಂತು ಎಂಬುದಕ್ಕೆ ಸರ್ಕಾರವೇ ಕೊಟ್ಟ ಸಾಕ್ಷಿ ಅದು. ಕೇಳದಿದ್ದರೆ ಕಳಿಸಬೇಡಿ ಎಂದು ನಾವೂ ಹೇಳುತ್ತೇವೆ. ಕೇಳಿದ ಮೇಲೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅನುವಾದದಲ್ಲಿ ಇದು ಎರಡು ಕಡೆ ಕೆಟ್ಟಿತ್ತು. ‘ಪಿಂಜಾರ’ವನ್ನು ಹತ್ತಿ ಸ್ವಚ್ಛ ಮಾಡುವವ ಎಂದು ಮಾಡಿದ್ದರು. ಓದಿದವರು ಅದು ಅಪ್ಪನ ಉದ್ಯೋಗ ಎಂದುಕೊಳ್ಳುತ್ತಾರೆ. ಹುಡುಗನ ಅಡ್ಡಹೆಸರೂ ಪಿಂಜಾರ ಆದ್ದರಿಂದ ಒಂದು ಕಡೆ ಅವನ ಹೆಸರೇ ಹತ್ತಿ ಸ್ವಚ್ಛ ಮಾಡುವವ ಆಗಿಹೋಗಿತ್ತು. ಇನ್ನೊಂದು, ‘ಪ್ರವರ್ಗ-1’ ಎಂಬುದು ‘ಫಸ್ಟ್ ಕ್ಲಾಸ್’ ಆಗಿತ್ತು. ಅಂದರೆ ಸಮಾಜದಲ್ಲಿ ಮೊದಲ ದರ್ಜೆಯವರು! ಹಿಂದುಳಿದವರೆಂದು ಕೊಟ್ಟ ಪತ್ರ ಮುಂದುಳಿದವರೆಂದು ಓದಿಸಿಕೊಂಡಿತು. ಜಾತಿಯ ಹೆಸರನ್ನು ಅರ್ಥ ಮಾಡಿ ಬರೆಯಬಾರದು, ಉಚ್ಚಾರದಂತೆ ಬರೆಯಬೇಕು. ಪ್ರವರ್ಗವನ್ನು ‘ಕೆಟಗರಿ-1’, ನಮ್ಮದಾದರೆ ‘ಕೆಟಗರಿ-2ಬಿ’ ಎಂದು ಬರೆದು, ಇದು ಕರ್ನಾಟಕ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯ ಒಂದು ವಿಭಾಗ, ಸಂಖ್ಯೆ ದರ್ಜೆಯಲ್ಲ ಎಂದು ಟಿಪ್ಪಣಿ ಕೊಡಬೇಕು. ಅರಬಿಗೆ ಮಾಡುವ ನಮ್ಮ ಉಸ್ತಾದರೂ ಇಲ್ಲಿ ಜಾಗ್ರತೆ ಮಾಡಬೇಕು. ಜಾತಿಗೆ ‘ತಾಇಫ’ ಎಂದು ಬರೆದರೆ ಶಿಯಾ-ಸುನ್ನಿಯಂಥ ಪಂಗಡ ಎಂದು ತಿಳಿಯುವ ಸಾಧ್ಯತೆ ಇದೆ.

ಕೊನೆಗೆ, ಸಹಿ ಹಾಕುವವರು ಯಾರು? ಟರ್ಕಿಯಂಥ ದೇಶಗಳಲ್ಲಿ ಪ್ರಮಾಣ ಸ್ವೀಕರಿಸಿದ ಅನುವಾದಕರೆಂದೇ ಇರುತ್ತಾರೆ. ನಮ್ಮಲ್ಲಿ ಅಂಥ ಲೈಸೆನ್ಸಿನ ಪದ್ಧತಿ ಇಲ್ಲ. ನಮ್ಮ ಇಂಗ್ಲಿಷ್ ಪಿಯುಸಿಯದು, ಅದರ ಮೇಲೆ ಹುಡುಗನ ಭವಿಷ್ಯ ಇಡಲು ನಮಗೆ ಧೈರ್ಯ ಸಾಲಲಿಲ್ಲ. ಜಮಖಂಡಿಯ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ನಾವು ಗುರುತು ಮಾಡಿದ್ದನ್ನೆಲ್ಲ ನೋಡಿ ಅನುವಾದವನ್ನು ಹೊಸದಾಗಿ ಬರೆದರು. ತನಗೆ ಎರಡೂ ಭಾಷೆ ಗೊತ್ತು, ಇದು ಮೂಲಕ್ಕೆ ಸರಿಯಾದ ಅನುವಾದ ಎಂದು ಕೆಳಗೆ ಬರೆದು, ಹೆಸರು, ವಿಳಾಸ, ತಾರೀಕು ಹಾಕಿ ಸಹಿ ಮಾಡಿದರು. ಅರ್ಜಿದಾರನ ಸಂಬಂಧಿಕರು ಇದಕ್ಕೆ ಸಹಿ ಹಾಕಬಾರದು.

ಆಮೇಲೆ ನೋಟರಿ. ಮುದ್ರೆ ಒತ್ತಿದರೆ ಮುಗಿಯಿತು ಎಂದು ನಮ್ಮವರ ನಂಬಿಕೆ. 1952ರ ನೋಟರಿ ಕಾಯ್ದೆಯಲ್ಲಿ ದಾಖಲೆಯನ್ನು ಅನುವಾದ ಮಾಡುವ, ಅನುವಾದವನ್ನು ತಾಳೆ ನೋಡಿ ದೃಢೀಕರಿಸುವ ಅಧಿಕಾರ ನೋಟರಿಗೆ ಇದೆ. ಆದರೆ ಕನ್ನಡ ಓದಲು ಬಾರದ ನೋಟರಿ ಏನನ್ನು ತಾಳೆ ನೋಡುತ್ತಾರೆ? ಮಕ್ಕಳು ದಿಲ್ಲಿಯಲ್ಲೋ ಮುಂಬೈಯಲ್ಲೋ ಇದ್ದರೂ ಈ ಕೆಲಸವನ್ನು ಊರಿನಲ್ಲೇ, ಕನ್ನಡ ಓದುವ ನೋಟರಿಯ ಮುಂದೆ ಮಾಡಿಸಿ ಎಂದು ನಾವು ಹೇಳುವುದು ಇದಕ್ಕೇ. ಅರ್ಜಿ ಹಾಕುವಾಗ ಇಷ್ಟು ಸಾಕಾಗುತ್ತದೆ. ಆಯ್ಕೆಯಾದ ಮೇಲೆ ಅಪೋಸ್ಟಿಲ್ ಕೇಳಿದರೆ ಅದು ಬೇರೆ ಹಂತ. ಭಾರತ 2005ರಿಂದ ಆ ಒಪ್ಪಂದದಲ್ಲಿದೆ, ಟರ್ಕಿಯೂ ಇದೆ, ಸೌದಿಯೂ 2022ರಲ್ಲಿ ಸೇರಿತು. ಆ ಅಪೋಸ್ಟಿಲ್ ಹಾಳೆಯಲ್ಲೇ ‘ಸಹಿ ಮಾಡಿದವರು ಯಾರು, ಯಾವ ಹುದ್ದೆಯಲ್ಲಿ’ ಎಂಬ ಎರಡು ಸಾಲು ಇರುತ್ತದೆ. ಅದು ದೃಢೀಕರಿಸುವುದೂ ಅಷ್ಟನ್ನೇ, ಒಳಗಿನ ವಿಷಯವನ್ನಲ್ಲ. ಅಂಥ ಕಾಗದದ ಜೊತೆ ತೆರಿಗೆ ವಸೂಲಿಗಾರ ಎಂಬ ಅನುವಾದ ಲಗತ್ತಿಸಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ಎಂಟನೆಯ ದಿನ ಎಲ್ಲವನ್ನೂ ಮತ್ತೆ ಕಳಿಸಿದೆವು. ಹೊಸ ಪ್ರಶ್ನೆ ಬಂದಿಲ್ಲ, ಫಲಿತಾಂಶವೂ ಬಂದಿಲ್ಲ. ಅವತ್ತು ಸಂಜೆ ಹುಡುಗನ ತಂದೆ ಮಸೀದಿಗೆ ಬಂದು ಅನುವಾದದ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕೆಳಗಿನ ಟಿಪ್ಪಣಿಯ ಮೇಲೆ ಬೆರಳಿಟ್ಟು, ‘ಇಲ್ಲಿ ಏನ್ ಬರ್ದಾರ್ರಿ ಹಜರತ್?’ ಎಂದು ಕೇಳಿದರು. ನಾವು ಕನ್ನಡದಲ್ಲಿ ಓದಿ ಹೇಳಿದೆವು, ತಹಶೀಲ್ದಾರ್ ಎಂದರೆ ಯಾರು ಎಂದು. ‘ಅಷ್ಟು ಸಣ್ಣ ಅಕ್ಷರದಾಗ ಬರ್ದ್ರ ಅವ್ರಿಗೆ ಕಾಣ್ತೈತೇನ್ರಿ?’ ಎಂದರು.